ಲಿಂಕನ್ನು ಬಲಗಡೆಯಿಂದ ಓದಿ

ಮೋಸದ ಮೆಸೇಜನ್ನು ಗುರುತಿಸುವುದು ಹೇಗೆ ಎಂದು ಹೇಳಿಕೊಡುವ ಯಾವ ಪಟ್ಟಿಯನ್ನು ತೆಗೆದರೂ ಅದರಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಕಾಗುಣಿತ ತಪ್ಪಿದೆಯೇ, ವ್ಯಾಕರಣ ಎಡವಿದೆಯೇ ನೋಡಿ, ಎಡವಿದ್ದರೆ ಅದು ಮೋಸ. ಅನುವಾದವನ್ನೇ ಕಸುಬು ಮಾಡಿಕೊಂಡ ನನಗೆ ಈ ಸಲಹೆಯನ್ನು ಒಪ್ಪಲು ಆಗುವುದಿಲ್ಲ. ಅಸಲಿ ಕಂಪನಿಗಳಿಂದ ಬರುವ ಅಸಲಿ ಮೆಸೇಜುಗಳ ಕನ್ನಡವನ್ನು ಒಮ್ಮೆ ಗಮನಿಸಿ. ‘ನಿಮ್ಮ ಖಾತೆಯು ಯಶಸ್ವಿಯಾಗಿ ಡೆಬಿಟ್ ಮಾಡಲಾಗಿದೆ’ ಎಂಬಂಥ ವಾಕ್ಯಗಳನ್ನು ನಾವು ದಿನವೂ ಓದುತ್ತೇವೆ. ಅದರಲ್ಲಿ ಕರ್ತೃ ಒಂದು ಕಡೆಗೆ, ಕ್ರಿಯಾಪದ ಇನ್ನೊಂದು ಕಡೆಗೆ. ವ್ಯಾಕರಣ ತಪ್ಪಿದ್ದೆಲ್ಲ ಮೋಸ ಎಂದಾದರೆ ನಮಗೆ ಬರುವ ಅಸಲಿ ಮೆಸೇಜುಗಳಲ್ಲಿ ಎಷ್ಟೋ ಮೋಸವಾಗಬೇಕು. ಅತ್ತ ಮೋಸಗಾರರು ವಾಕ್ಯ ಕಟ್ಟುವ ಕಷ್ಟಕ್ಕೇ ಹೋಗುವುದಿಲ್ಲ. ಬ್ಯಾಂಕಿನ ಅಸಲಿ ಮೆಸೇಜನ್ನು ನಕಲು ಮಾಡಿ, ಲಿಂಕನ್ನು ಮಾತ್ರ ಬದಲಿಸಿ ಕಳಿಸಿದರೆ ಅವರ ಕೆಲಸ ಮುಗಿಯಿತು.

ವಾಕ್ಯವನ್ನು ನೋಡಿ ಮೋಸವನ್ನು ಹಿಡಿಯುವ ಕಾಲ ಕಳೆದಿದೆ ಎಂಬುದು ನನ್ನ ವಾದ. ವಾಕ್ಯವನ್ನು ಬಿಟ್ಟು ಬೇರೆ ಮೂರು ಜಾಗಗಳನ್ನು ಓದಬೇಕು: ಲಿಂಕಿನ ಕೊನೆಯ ಪದ, ಹಣ ಹೋಗುವ ಮೊದಲು ಕಾಣುವ ಹೆಸರು, ಮತ್ತು ಒಟಿಪಿಯ ಜೊತೆಗೆ ಬರುವ ಮೊತ್ತ. ಈ ಮೂರನೆಯದನ್ನು ನಮಗೆ ಓದಲು ಬರುವ ಭಾಷೆಯಲ್ಲಿ ಕೊಡಬೇಕಾದವರು ಕೊಡುತ್ತಿಲ್ಲ ಎಂಬುದು ನನ್ನ ತಕರಾರು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಲವತ್ತು ಜನ, ಮೂರು ದಿನ

2023ರ ಮಾರ್ಚ್ ಆರಂಭದಲ್ಲಿ ಮುಂಬಯಿಯಲ್ಲಿ ಒಂದೇ ಖಾಸಗಿ ಬ್ಯಾಂಕಿನ ಸುಮಾರು 40 ಗ್ರಾಹಕರು ಮೂರು ದಿನಗಳ ಅವಧಿಯಲ್ಲಿ ಲಕ್ಷಾಂತರ ರೂಪಾಯಿ ಕಳೆದುಕೊಂಡರು. ನಗರದ ಪೊಲೀಸರು ಎಚ್ಚರಿಕೆ ಹೊರಡಿಸಿದರು, ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಹಣ ಕಳೆದುಕೊಂಡವರಲ್ಲಿ ಕಿರುತೆರೆಯ ನಟಿಯೊಬ್ಬರೂ ಇದ್ದರು. ಅವರ ಖಾತೆಯಿಂದ ಹೋದದ್ದು 57,636 ರೂಪಾಯಿ. ನಗರದಲ್ಲೇ ಹುಟ್ಟಿ ಬೆಳೆದು, ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಸಿಕ್ಕಿಬಿದ್ದ ಪ್ರಕರಣ ಇದು.

ಮೆಸೇಜಿನಲ್ಲಿ ಇದ್ದದ್ದು ಇಷ್ಟೇ: ನಿಮ್ಮ ಕೆವೈಸಿ, ಪ್ಯಾನ್ ವಿವರ ಅಪ್‌ಡೇಟ್ ಆಗಿಲ್ಲ, ಖಾತೆ ಬಂದ್ ಆಗುತ್ತದೆ, ಈ ಲಿಂಕಿನಲ್ಲಿ ವಿವರ ತುಂಬಿ. ಆ ದಿನಗಳನ್ನು ನೆನಪಿಸಿಕೊಂಡರೆ ಜನ ಯಾಕೆ ನಂಬಿದರು ಎಂಬುದು ಅರ್ಥವಾಗುತ್ತದೆ. ಪ್ಯಾನ್ ಮತ್ತು ಆಧಾರ್ ಜೋಡಿಸಲು ಆಗ ಇದ್ದ ಕೊನೆಯ ದಿನಾಂಕ 2023ರ ಮಾರ್ಚ್ 31. ಅದನ್ನು ಜೂನ್ 30ಕ್ಕೆ ಮುಂದೂಡಿದ್ದು ಮಾರ್ಚ್ ಕೊನೆಯ ವಾರದಲ್ಲಿ. ಊರೆಲ್ಲ ಪ್ಯಾನ್ ಕಾರ್ಡಿನ ಚಿಂತೆಯಲ್ಲಿದ್ದಾಗ ಪ್ಯಾನ್ ಕಾರ್ಡಿನ ಮೆಸೇಜೇ ಬಂತು. ಮೋಸದ ಮೆಸೇಜು ಸಾಮಾನ್ಯವಾಗಿ ಸುಳ್ಳು ಚಿಂತೆಯನ್ನು ಹುಟ್ಟಿಸುವುದಿಲ್ಲ. ಆಗಲೇ ಮನಸ್ಸಿನಲ್ಲಿರುವ ನಿಜವಾದ ಚಿಂತೆಯೊಂದರ ಮೇಲೆ ಸವಾರಿ ಮಾಡುತ್ತದೆ. ಮುಂಬಯಿಯ ಮನೆಗಳಿಗೆ ‘ಇವತ್ತು ರಾತ್ರಿ ಕರೆಂಟು ಕಟ್ ಆಗುತ್ತದೆ’, ‘ಗ್ಯಾಸ್ ಲೈನ್ ಬಂದ್ ಆಗುತ್ತದೆ’ ಎಂಬ ಮೆಸೇಜುಗಳು ಬಂದಾಗಲೂ ಆಗಿದ್ದು ಇದೇ. ಬಿಲ್ಲು ಕಟ್ಟಿದ್ದೇವೋ ಇಲ್ಲವೋ ಎಂಬ ಅಳುಕು ಯಾವ ಮನೆಯಲ್ಲಿಲ್ಲ?

ಲಿಂಕನ್ನು ಒತ್ತಿದ ಮೇಲೆ ಆದದ್ದೇನು ಎಂಬುದು ಈ ಪ್ರಕರಣದಲ್ಲಿ ಮುಖ್ಯ. ಬ್ಯಾಂಕಿನದೇ ಎಂಬಂತೆ ಕಾಣುವ ಪುಟ ತೆರೆಯುತ್ತದೆ. ಗ್ರಾಹಕರ ಐಡಿ, ಪಾಸ್‌ವರ್ಡ್ ಕೇಳುತ್ತದೆ. ನೀವು ಟೈಪು ಮಾಡಿದ್ದು ಆ ಕ್ಷಣದಲ್ಲೇ ಮೋಸಗಾರನ ಮುಂದೆ ಮೂಡುತ್ತದೆ. ಅವನು ಅದನ್ನು ಬ್ಯಾಂಕಿನ ಅಸಲಿ ಪುಟದಲ್ಲಿ ತುಂಬುತ್ತಾನೆ. ಆಗ ಅಸಲಿ ಬ್ಯಾಂಕು ನಿಮ್ಮ ಫೋನಿಗೆ ಅಸಲಿ ಒಟಿಪಿ ಕಳಿಸುತ್ತದೆ. ಬ್ಯಾಂಕಿನ ಹಳೆಯ ಮೆಸೇಜುಗಳ ಸಾಲಿನಲ್ಲೇ ಅದು ಬಂದು ಕೂರುತ್ತದೆ. ಈವರೆಗೆ ಅನುಮಾನವಿದ್ದವರಿಗೂ ‘ಒಟಿಪಿ ಬ್ಯಾಂಕಿನಿಂದಲೇ ಬಂತಲ್ಲ, ಹಾಗಾದರೆ ಪುಟವೂ ಬ್ಯಾಂಕಿನದೇ’ ಎಂದು ಧೈರ್ಯ ಬರುತ್ತದೆ. ಸುಳ್ಳು ಪುಟಕ್ಕೆ ಅಸಲಿ ಒಟಿಪಿಯೇ ಸಾಕ್ಷಿ ಹೇಳಿದಂತಾಯಿತು. ನಟಿಯ ಪ್ರಕರಣದಲ್ಲಿ ಇನ್ನೊಂದು ಮೆಟ್ಟಿಲೂ ಇತ್ತು. ಬ್ಯಾಂಕಿನ ಅಧಿಕಾರಿ ಎಂದು ಹೇಳಿಕೊಂಡ ಹೆಂಗಸೊಬ್ಬಳು ಫೋನು ಮಾಡಿ, ಮತ್ತೊಂದು ಒಟಿಪಿ ಬರುತ್ತದೆ, ಅದನ್ನೂ ತುಂಬಿ ಎಂದಳು. ತುಂಬಿದ ಮೇಲೆ ಹಣ ಹೋಯಿತು.

ಮೆಸೇಜಿನ ಭಾಷೆಯನ್ನು ಎಷ್ಟು ಸೂಕ್ಷ್ಮವಾಗಿ ಓದಿದ್ದರೂ ಇದನ್ನು ತಡೆಯಲು ಆಗುತ್ತಿರಲಿಲ್ಲ. ತಡೆಯಬಹುದಾಗಿದ್ದ ಜಾಗಗಳು ಎರಡೇ: ಒತ್ತುವ ಮೊದಲು ಲಿಂಕು, ತುಂಬುವ ಮೊದಲು ಒಟಿಪಿ ಮೆಸೇಜಿನ ಒಳಗಿನ ಮಾತು.

ನಾಯಿ ಯಾರದು?

ಲಿಂಕು ಓದುವುದರಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ‘ರಾಜನ ಮನೆಯ ನಾಯಿ’ ಎಂದರೆ ನಾವು ಹೇಳುತ್ತಿರುವುದು ಯಾರ ಬಗ್ಗೆ? ನಾಯಿಯ ಬಗ್ಗೆ. ರಾಜ ಮುಂದೆ ನಿಂತಿದ್ದಾನೆ, ಆದರೆ ಬೊಗಳುವುದು ಕೊನೆಯ ಪದ. ಕನ್ನಡದಲ್ಲಿ ಮುಖ್ಯ ಪದ ಬಲಗಡೆ ಕೂರುತ್ತದೆ, ಎಡಗಡೆಯವೆಲ್ಲ ಅದಕ್ಕೆ ವಿಶೇಷಣ. ಇಂಟರ್‌ನೆಟ್ಟಿನ ವಿಳಾಸವನ್ನು ಕಟ್ಟಿರುವುದೂ ಹೀಗೆಯೇ. ಮುಂದೆ ಎಷ್ಟು ದೊಡ್ಡ ಹೆಸರಿದ್ದರೂ ಯಜಮಾನ ಯಾರು ಎಂಬುದು ಬಲಗಡೆ ತಿಳಿಯುತ್ತದೆ. ಮೋಸಗಾರನಿಗೆ ಬೇಕಾದದ್ದು ನೀವು ಎಡಗಡೆಯ ಮೊದಲ ಪದವನ್ನು ನೋಡಿ ಅಲ್ಲಿಗೇ ನಿಲ್ಲಿಸುವುದು.

ನಾಲ್ಕು ವಿಳಾಸಗಳನ್ನು ನಾನೇ ಕಟ್ಟಿ ಕೆಳಗೆ ಕೊಟ್ಟಿದ್ದೇನೆ. ‘abc’ ಎಂಬುದನ್ನು ನಿಮ್ಮ ಬ್ಯಾಂಕಿನ ಹೆಸರು ಎಂದುಕೊಳ್ಳಿ.

```
https://abc.bank.in/login
https://abc.bank.in.kyc-update.xyz/login
https://kyc-update.xyz/abc.bank.in
https://abc-bank.in/login
```

ಓದುವ ಕ್ರಮ ಹೀಗೆ. ಮೊದಲು `https://` ಅನ್ನು ಬಿಟ್ಟುಬಿಡಿ. ಅಲ್ಲಿಂದ ಮುಂದೆ ಸಿಗುವ ಮೊದಲನೆಯ ಓರೆಗೆರೆಯವರೆಗೆ ಮಾತ್ರ ವಿಳಾಸ. ಅದರ ಆಚೆ ಏನು ಬರೆದಿದ್ದರೂ ಅದು ಮನೆಯೊಳಗಿನ ಕೋಣೆ, ಲೆಕ್ಕಕ್ಕಿಲ್ಲ. ಈಗ ಆ ಓರೆಗೆರೆಯಿಂದ ಎಡಕ್ಕೆ ಬನ್ನಿ. ಚುಕ್ಕಿಯಿಂದ ಚುಕ್ಕಿಗೆ ಒಂದು ಪದ. ಸಾಮಾನ್ಯವಾಗಿ ಕೊನೆಯ ಎರಡು ಪದಗಳು ಯಜಮಾನನ ಹೆಸರು. ಆ ಎರಡು ಪದ `co.in`, `gov.in`, `bank.in` ಇಂಥ ಜೋಡಿಯಾಗಿದ್ದರೆ ಇನ್ನೊಂದು ಪದ ಎಡಕ್ಕೆ ಹೋಗಿ.

ಹೀಗೆ ಓದಿದರೆ ಮೊದಲನೆಯದು `abc.bank.in`, ಬ್ಯಾಂಕಿನದೇ. ಎರಡನೆಯದು ಅದರಂತೆಯೇ ಶುರುವಾದರೂ ಮುಗಿಯುವುದು `kyc-update.xyz` ಎಂದು. ಅದು ರಾಜನ ಹೆಸರು ಹೊತ್ತ ನಾಯಿ. ಮೂರನೆಯದರಲ್ಲಿ ಬ್ಯಾಂಕಿನ ಹೆಸರು ಓರೆಗೆರೆಯ ಆಚೆಗಿದೆ, ಯಜಮಾನ ಮತ್ತೆ ಅವನೇ. ನಾಲ್ಕನೆಯದು ಕಣ್ಣಿಗೆ ಅತ್ಯಂತ ಸಲೀಸಾಗಿ ಮೋಸ ಮಾಡುತ್ತದೆ. ಅಲ್ಲಿ ಚುಕ್ಕಿಯ ಬದಲು ಅಡ್ಡಗೆರೆ ಇದೆ. ಅಡ್ಡಗೆರೆ ಪದವನ್ನು ಬೇರೆ ಮಾಡುವುದಿಲ್ಲ, ಸಮಾಸ ಮಾಡುತ್ತದೆ. `abc-bank` ಎಂಬುದು ಒಂದೇ ಪದ. ಅಂಥ ಹೆಸರನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು.

ಆದರೆ `bank.in` ಎಂಬುದು ಎಲ್ಲರಿಗೂ ಸಿಗುವುದಿಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕು ಈ ಕೊನೆಪದವನ್ನು ಬ್ಯಾಂಕುಗಳಿಗೆ ಮಾತ್ರ ಮೀಸಲಿಟ್ಟು, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ತಮ್ಮ ಜಾಲತಾಣವನ್ನು ಅಲ್ಲಿಗೆ ಸಾಗಿಸಬೇಕೆಂದು ಹೇಳಿತು. ನನ್ನ ಮಟ್ಟಿಗೆ ಈಚಿನ ವರ್ಷಗಳ ಅತ್ಯಂತ ಉಪಯುಕ್ತ ಬದಲಾವಣೆ ಇದು. ನೂರು ಬ್ಯಾಂಕುಗಳ ನೂರು ವಿಳಾಸ ನೆನಪಿಡುವ ಬದಲು ಒಂದು ಕೊನೆಪದ ನೆನಪಿಟ್ಟರೆ ಸಾಕು. ಸರ್ಕಾರಿ ದಂಡ, ತೆರಿಗೆ, ವಾಹನದ ಚಲನ್ ಎಂದು ಹೇಳಿಕೊಂಡು ಬರುವ ಲಿಂಕುಗಳಿಗೂ ಇದೇ ಲೆಕ್ಕ. ವಾಹನ ಚಲನ್‌ನ ಅಸಲಿ ವಿಳಾಸ `echallan.parivahan.gov.in`. ಮುಗಿಯುವುದು `gov.in` ಎಂದು.

ಈ ಓದಿಗೆ ಮಿತಿಗಳೂ ಇವೆ. ಮೊಟಕು ಮಾಡಿದ ಲಿಂಕುಗಳು ಕೊನೆಪದವನ್ನು ಬಚ್ಚಿಡುತ್ತವೆ. ಓದಲಾಗದ ಲಿಂಕನ್ನು ಒತ್ತಬಾರದು, ಅಷ್ಟೆ. ಇಮೇಲಿನಲ್ಲಿ ಮೇಲೆ ಕಾಣುವ ಅಕ್ಷರ ಒಂದು, ಒಳಗಿನ ವಿಳಾಸ ಇನ್ನೊಂದು ಇರಬಹುದು. ಬೆರಳನ್ನು ಲಿಂಕಿನ ಮೇಲೆ ಒತ್ತಿ ಹಿಡಿದರೆ ಒಳಗಿನದು ಕಾಣುತ್ತದೆ. ಬ್ರೌಸರಿನಲ್ಲಿ ಕಾಣುವ ಬೀಗದ ಚಿತ್ರವನ್ನು ನಂಬಬೇಡಿ. ನೀವು ಟೈಪು ಮಾಡಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಆ ಬೀಗದ ಅರ್ಥ. ತಲುಪುವ ಮನೆ ಕಳ್ಳನದೋ ಸಾಹುಕಾರನದೋ ಎಂಬುದು ಬೀಗಕ್ಕೆ ಗೊತ್ತಿಲ್ಲ.

ಮೆಸೇಜು ಕಳಿಸಿದವರ ಹೆಸರಿನಲ್ಲೂ ಒಂದು ಸುಳಿವಿದೆ. ಬ್ಯಾಂಕು, ಕಂಪನಿಗಳ ಎಸ್‌ಎಂಎಸ್‌ಗಳು ಹತ್ತು ಅಂಕಿಯ ನಂಬರಿನಿಂದ ಬರುವುದಿಲ್ಲ. `AX-ABCBNK-T` ಎಂಬ ಮಾದರಿಯ ನೋಂದಾಯಿತ ಹೆಸರಿನಿಂದ ಬರುತ್ತವೆ. 2025ರ ಮೇ ತಿಂಗಳಿಂದ ಇದರ ಕೊನೆಗೂ ಒಂದು ಅಕ್ಷರ ಸೇರಿದೆ: ವ್ಯವಹಾರಕ್ಕೆ T, ಸೇವೆಗೆ S, ಸರ್ಕಾರಕ್ಕೆ G, ಜಾಹೀರಾತಿಗೆ P. ಕರೆಂಟು ಕಟ್ ಮಾಡುತ್ತೇವೆ ಎಂಬ ಮೆಸೇಜು ಹತ್ತಂಕಿಯ ಮೊಬೈಲಿನಿಂದ ಬಂದಿದ್ದರೆ ಅಲ್ಲಿಗೇ ಮಾತು ಮುಗಿಯಿತು. ಆದರೆ ಈ ವ್ಯವಸ್ಥೆ ಎಸ್‌ಎಂಎಸ್‌ಗೆ ಮಾತ್ರ. ವಾಟ್ಸ್ಆ್ಯಪಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಬ್ಯಾಂಕಿನ ಲೋಗೊವನ್ನು ಪ್ರೊಫೈಲ್ ಚಿತ್ರವಾಗಿ ಹಾಕಿಕೊಳ್ಳಲು ಯಾರ ಅನುಮತಿಯೂ ಬೇಡ.

ಬಂದದ್ದಾ, ಹೋದದ್ದಾ?

ಘಾಟ್ಕೋಪರಿನಲ್ಲಿ ನಾನಿರುವ ಭಾಗದಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯ ಹಿರಿಯರು ಹಲವರಿದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು. ಅವರು ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ, ಹಿಂದಿ ಮರಾಠಿ ಸರಾಗ ಮಾತಾಡುತ್ತಾರೆ, ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಾರೆ. ಅವರಲ್ಲೊಬ್ಬರು ಆಗಾಗ ಫೋನು ಹಿಡಿದುಕೊಂಡು ಬಂದು ಕೇಳುವ ಪ್ರಶ್ನೆ ಒಂದೇ: ‘ಸ್ವಲ್ಪ ನೋಡು ಮಾರಾಯ್ತಿ, ಇದು ಬಂದದ್ದಾ, ಹೋದದ್ದಾ?’

ಭಾಷಾಶಾಸ್ತ್ರ ಓದಿದವಳಾಗಿ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಹೊಳೆಯುವುದಿಲ್ಲ. ಪೇಮೆಂಟ್ ಲಿಂಕಿನ ಮೋಸವೆಲ್ಲ ನಿಂತಿರುವುದು ಎರಡು ವಿಭಕ್ತಿಗಳ ನಡುವೆ: ‘ನಿಮಗೆ’ ಮತ್ತು ‘ನಿಮ್ಮಿಂದ’. ರಿಫಂಡ್ ಬಂದಿದೆ, ಕ್ಯಾಶ್‌ಬ್ಯಾಕ್ ಬಂದಿದೆ, ನಿಮ್ಮ ಹಳೆ ಫ್ರಿಜ್ಜಿಗೆ ಮುಂಗಡ ಕಳಿಸುತ್ತೇನೆ ಎಂದು ಮೆಸೇಜು ‘ನಿಮಗೆ’ ಎನ್ನುತ್ತದೆ. ಒತ್ತಿದಾಗ ತೆರೆಯುವ ಪರದೆ ‘ನಿಮ್ಮಿಂದ’ ಎಂಬುದನ್ನು ಮಾಡಿಸುತ್ತದೆ. ಹಣ ಬರುವುದಕ್ಕೆ ಯುಪಿಐ ಪಿನ್ ಬೇಡವೇ ಬೇಡ. ಪಿನ್ ಕೇಳಿತು ಎಂದರೆ ಹಣ ನಿಮ್ಮಿಂದ ಹೋಗುವುದಕ್ಕೆ, ಅಥವಾ ನಿಮ್ಮ ಬ್ಯಾಲೆನ್ಸ್ ನೋಡುವುದಕ್ಕೆ. ನಿಮ್ಮ ಖಾತೆಗೆ ಹಣ ಬರಲೆಂದು ಅದು ಪಿನ್ ಕೇಳುವುದಿಲ್ಲ.

ಯುಪಿಐ ಲಿಂಕಿನ ಒಳಗೆ ಏನಿರುತ್ತದೆ ಎಂದು ಒಮ್ಮೆ ನೋಡಿದರೆ ಹೆಸರನ್ನು ಎಷ್ಟು ನಂಬಬೇಕು ಎಂಬುದು ತಿಳಿಯುತ್ತದೆ.

```
upi://pay?pa=xyz123@abc&pn=Bijli%20Bill&am=1840
```

ಇಲ್ಲಿ `pa` ಎಂದರೆ ಹಣ ಸೇರುವ ವಿಳಾಸ, `am` ಎಂದರೆ ಮೊತ್ತ, `pn` ಎಂದರೆ ಹೆಸರು. ಈ ಹೆಸರನ್ನು ಲಿಂಕು ಮಾಡಿದವನೇ ಟೈಪು ಮಾಡುತ್ತಾನೆ. ‘ಬಿಜ್ಲಿ ಬಿಲ್’ ಎಂದು ಬರೆಯಬಹುದು, ನಿಮ್ಮ ಸೊಸೈಟಿಯ ಹೆಸರನ್ನೂ ಬರೆಯಬಹುದು. ಕ್ಯೂಆರ್ ಕೋಡಿನ ಒಳಗೆ ಇರುವುದೂ ಇದೇ ಸಾಲು. ಚಿತ್ರವಾಗಿರುವುದರಿಂದ ನಮಗೆ ಕಾಣುವುದಿಲ್ಲ ಅಷ್ಟೆ. ಲಿಂಕಿನಲ್ಲಿ ಬರೆದ ಹೆಸರು ಸುಳ್ಳಿರಬಹುದು ಎಂಬ ಕಾರಣಕ್ಕೇ, ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ಹಣ ಕಳಿಸುವವರಿಗೆ ತೋರಿಸಬೇಕು ಎಂಬ ನಿಯಮ 2025ರ ಜೂನ್ ಕೊನೆಯಿಂದ ಯುಪಿಐ ಆ್ಯಪುಗಳಿಗೆ ಬಂದಿದೆ. ಆದ್ದರಿಂದ ಪಿನ್ ಹಾಕುವ ಮೊದಲು ಆ ಹೆಸರನ್ನು ಓದಿ. ಕರೆಂಟು ಬಿಲ್ಲಿನ ಹಣ ಪರಿಚಯವಿಲ್ಲದ ಯಾವನೋ ವ್ಯಕ್ತಿಯ ಹೆಸರಿಗೆ ಹೋಗುತ್ತಿದ್ದರೆ, ಅಲ್ಲೇ ಹಿಂದೆ ಬನ್ನಿ. ವ್ಯಕ್ತಿಗಳು ಒಬ್ಬರಿಗೊಬ್ಬರು ಹಣ ಕೇಳಿ ಕಳಿಸುತ್ತಿದ್ದ ‘ಕಲೆಕ್ಟ್ ರಿಕ್ವೆಸ್ಟ್’ ಸೌಲಭ್ಯವನ್ನೂ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಅದರಿಂದ ಒಂದು ಬಾಗಿಲು ಮುಚ್ಚಿತು. ಕ್ಯೂಆರ್ ಮತ್ತು ಲಿಂಕಿನ ಬಾಗಿಲು ತೆರೆದೇ ಇದೆ.

ಒತ್ತಿದ ಮೇಲೆ

ಒತ್ತಿಬಿಟ್ಟರೆ ಏನು ಮಾಡಬೇಕು? ಎಷ್ಟು ದೂರ ಹೋಗಿದ್ದೀರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಪುಟ ತೆರೆಯಿತು, ಏನನ್ನೂ ತುಂಬಲಿಲ್ಲ, ಏನನ್ನೂ ಇಳಿಸಿಕೊಳ್ಳಲಿಲ್ಲ ಎಂದಾದರೆ ಸಾಮಾನ್ಯವಾಗಿ ಹಣಕ್ಕೆ ಅಪಾಯವಿಲ್ಲ. ಪುಟ ಮುಚ್ಚಿ. ಈ ನಂಬರಿನಲ್ಲಿ ಒತ್ತುವವರಿದ್ದಾರೆ ಎಂದು ಅವರಿಗೆ ತಿಳಿದಿರಬಹುದು, ಹಾಗಾಗಿ ಮುಂದಿನ ಕೆಲವು ದಿನ ಬರುವ ಫೋನುಗಳ ಮೇಲೆ ನಿಗಾ ಇರಲಿ. ಹಣ ಹೋಗದಿದ್ದರೂ ಅಂಥ ಮೆಸೇಜನ್ನು ಸಂಚಾರ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬಹುದು.

ಐಡಿ, ಪಾಸ್‌ವರ್ಡ್ ಅಥವಾ ಕಾರ್ಡಿನ ವಿವರ ತುಂಬಿದ್ದೀರಿ, ಒಟಿಪಿ ಕೊಟ್ಟಿಲ್ಲ ಎಂದಾದರೆ ಕೂಡಲೇ ಬ್ಯಾಂಕಿನ ಅಸಲಿ ಆ್ಯಪಿನಿಂದ ಪಾಸ್‌ವರ್ಡ್ ಬದಲಿಸಿ, ಕಾರ್ಡನ್ನು ಬ್ಲಾಕ್ ಮಾಡಿ. ಬ್ಯಾಂಕಿನ ನಂಬರನ್ನು ಗೂಗಲಿನಲ್ಲಿ ಹುಡುಕಬೇಡಿ. ಅಲ್ಲಿ ಮೋಸಗಾರರು ತಮ್ಮದೇ ನಂಬರುಗಳನ್ನು ಕಸ್ಟಮರ್ ಕೇರ್ ಎಂದು ನೆಟ್ಟಿರುತ್ತಾರೆ. ಕಾರ್ಡಿನ ಬೆನ್ನಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾದ ನಂಬರೇ ಸರಿ.

ಒಂದು ಆ್ಯಪನ್ನು ಇಳಿಸಿಕೊಂಡಿದ್ದೀರಿ ಎಂದಾದರೆ ಸಂಗತಿ ಬೇರೆ. ಗ್ಯಾಸ್ ಬಿಲ್ಲು, ಟ್ರಾಫಿಕ್ ಚಲನ್, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪಿಗೆ ಬರುವ, ಕೊನೆಗೆ `.apk` ಎಂದಿರುವ ಕಡತಗಳು ಇಂಥವು. ಇಲ್ಲೂ ಕೊನೆಪದವೇ ಸತ್ಯ: ಹೆಸರು ಏನೇ ಇರಲಿ, `.apk` ಎಂದರೆ ಅದು ಬಿಲ್ಲೂ ಅಲ್ಲ, ಕರೆಯೋಲೆಯೂ ಅಲ್ಲ, ಫೋನಿನೊಳಗೆ ಕೂರಲು ಬಂದ ಆ್ಯಪ್. ಒಳಗೆ ಕೂತ ಮೇಲೆ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಒಟಿಪಿಯನ್ನು ನೀವು ಯಾರಿಗೂ ಹೇಳಬೇಕಾಗಿಲ್ಲ, ಅದೇ ಹೇಳಿಕೊಳ್ಳುತ್ತದೆ. ಹೀಗಾದಾಗ ಮೊದಲು ಫೋನಿನ ಡೇಟಾ, ವೈಫೈ ಎರಡನ್ನೂ ಆರಿಸಿ. ಮನೆಯವರ ಅಥವಾ ಪಕ್ಕದವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಆನ್‌ಲೈನ್ ವ್ಯವಹಾರ ತಡೆಯಿರಿ. ಪಾಸ್‌ವರ್ಡುಗಳನ್ನೂ ಬೇರೆ ಫೋನಿನಿಂದಲೇ ಬದಲಿಸಬೇಕು. ಸೋಂಕಿದ ಫೋನಿನಲ್ಲಿ ಬದಲಿಸಿದರೆ ಹೊಸದೂ ಅವರಿಗೆ ಸಿಗುತ್ತದೆ. ಆಮೇಲೆ ಆ ಆ್ಯಪನ್ನು ತೆಗೆಯಿರಿ. ಅದು ಹೋಗಲು ಒಪ್ಪದಿದ್ದರೆ, ಅಥವಾ ಹೋಯಿತೋ ಇಲ್ಲವೋ ಎಂದು ಅನುಮಾನವಿದ್ದರೆ, ಫೋಟೊಗಳನ್ನು ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸುವುದೇ ಕ್ಷೇಮ. ನಿಮ್ಮ ಕರೆಗಳು ಬೇರೆ ನಂಬರಿಗೆ ತಿರುಗಿವೆಯೇ ಎಂದು `*#21#` ಒತ್ತಿ ನೋಡಿ. ತಿರುಗಿದ್ದರೆ `##002#` ಒತ್ತಿದರೆ ರದ್ದಾಗುತ್ತದೆ.

ಹಣ ಹೋಗಿಯೇಬಿಟ್ಟಿದ್ದರೆ 1930. ಈ ನಂಬರಿನ ಹಿಂದಿನ ಕೆಲಸ ಗೊತ್ತಿದ್ದರೆ ಅವಸರ ಯಾಕೆ ಎಂಬುದು ಅರ್ಥವಾಗುತ್ತದೆ. ನಿಮ್ಮ ಹಣ ಮೊದಲು ಬಾಡಿಗೆಗೆ ಪಡೆದ ಯಾರದೋ ಖಾತೆಗೆ ಹೋಗುತ್ತದೆ. ಅಲ್ಲಿಂದ ತುಂಡು ತುಂಡಾಗಿ ಬೇರೆ ಖಾತೆಗಳಿಗೆ ಹಾರಿ, ಕೊನೆಗೆ ಎಟಿಎಂನಿಂದಲೋ ಬೇರೆ ದಾರಿಯಿಂದಲೋ ಹೊರಬೀಳುತ್ತದೆ. 1930ಕ್ಕೆ ಹೇಳಿದ ದೂರು ಪೊಲೀಸರ ಮೂಲಕ ಆ ಬ್ಯಾಂಕಿಗೆ ಮುಟ್ಟುತ್ತದೆ. ಹಣ ಇನ್ನೂ ಅಲ್ಲಿದ್ದರೆ ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ತಿಳಿಸುತ್ತಾರೆ. ಅದೊಂದು ಬೆನ್ನಟ್ಟುವ ಓಟ. ಕೊನೆಯ ಖಾತೆಯಿಂದ ನಗದಾಗುವ ಮೊದಲು ದೂರು ತಲುಪಬೇಕು. ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು ಖಾತೆ ನಂಬರು, ಹೋದ ಮೊತ್ತ, ಸಮಯ, ಮತ್ತು ವ್ಯವಹಾರದ ನಂಬರು. ಯುಪಿಐ ಆದರೆ ಅದು ಹನ್ನೆರಡು ಅಂಕಿಯದು. ದೂರಿನ ಸಂಖ್ಯೆ ಸಿಕ್ಕ ಮೇಲೆ 24 ಗಂಟೆಯೊಳಗೆ `cybercrime.gov.in` ನಲ್ಲಿ ವಿವರಗಳನ್ನು ಪೂರ್ತಿ ಮಾಡಿ. ಮೋಸದ ಮೆಸೇಜನ್ನು ನಾಚಿಕೆಯಿಂದ ಅಳಿಸಬೇಡಿ, ಅದೇ ಪುರಾವೆ. ಹೋದ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸು ಕಟ್ಟಿ ಎಂದು ಆಮೇಲೆ ಬರುವ ಕರೆ ಎರಡನೆಯ ಸುತ್ತಿನ ಮೋಸ.

1930ಕ್ಕೆ ಹೇಳಿದ ಮಾತ್ರಕ್ಕೆ ಬ್ಯಾಂಕಿಗೆ ಹೇಳಿದಂತೆ ಎಂದುಕೊಳ್ಳಬೇಡಿ. ಬ್ಯಾಂಕಿಗೂ ಬೇರೆಯಾಗಿ ದೂರು ಕೊಟ್ಟು, ಅದರ ನಂಬರು ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಿ. ಹಣ ಯಾರ ಪಾಲಿಗೆ ಹೋಯಿತು ಎಂಬ ಲೆಕ್ಕ ನಿಂತಿರುವುದು ಆ ಸಮಯದ ಮೇಲೆ.

ಅಜಾಗರೂಕತೆ ಎಂಬ ಪದ

ಈಗ ನನ್ನ ತಕರಾರಿಗೆ ಬರುತ್ತೇನೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಗ್ರಾಹಕರ ಹೊಣೆ ಎಷ್ಟೆಂದು ಹೇಳುತ್ತದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರದು ಎಂದಾದರೆ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರಿಗೆ ನಷ್ಟವಿಲ್ಲ. ಬ್ಯಾಂಕು ಹತ್ತು ಕೆಲಸದ ದಿನಗಳಲ್ಲಿ ಆ ಹಣವನ್ನು ಖಾತೆಯಲ್ಲಿ ತೋರಿಸಬೇಕು, ಗ್ರಾಹಕರ ತಪ್ಪಿದ್ದರೆ ಅದನ್ನು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ಆದರೆ ಗ್ರಾಹಕರ ಅಜಾಗರೂಕತೆಯಿಂದ, ಅಂದರೆ ಪಾಸ್‌ವರ್ಡ್, ಒಟಿಪಿಯಂಥದ್ದನ್ನು ಹಂಚಿಕೊಂಡು ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟವೆಲ್ಲ ಗ್ರಾಹಕರದು. ತಿಳಿಸಿದ ಮೇಲಿನದು ಬ್ಯಾಂಕಿನದು.

ಲಿಂಕು ಒತ್ತಿ ಸಿಕ್ಕಿಬಿದ್ದವರಲ್ಲಿ ಬಹಳಷ್ಟು ಜನ ಈ ಎರಡನೆಯ ಗುಂಪಿಗೆ ಬೀಳುತ್ತಾರೆ. ‘ಒಟಿಪಿ ಯಾರಿಗೂ ಕೊಡಬೇಡಿ ಎಂದು ನಾವು ಮೆಸೇಜಿನಲ್ಲೇ ಬರೆದಿದ್ದೇವೆ’ ಎಂಬುದು ಬ್ಯಾಂಕಿನ ಉತ್ತರ. ನಿಜ, ಬರೆದಿರುತ್ತದೆ. ಯಾವ ಭಾಷೆಯಲ್ಲಿ? ಮೇಲೆ ಹೇಳಿದ ಹಿರಿಯರ ಫೋನಿಗೆ ಬರುವ ಒಟಿಪಿ ಮೆಸೇಜುಗಳೆಲ್ಲ ಇಂಗ್ಲಿಷಿನಲ್ಲಿವೆ. ಆರು ಅಂಕಿಗಳು ಮೊದಲು ಬರುತ್ತವೆ, ಮೊತ್ತ ಸಾಲಿನ ನಡುವೆ ಹುದುಗಿರುತ್ತದೆ, ಎಚ್ಚರಿಕೆ ಕೊನೆಯಲ್ಲಿ. ಅವರು ಅಂಕಿಗಳನ್ನು ಓದುತ್ತಾರೆ, ಉಳಿದದ್ದನ್ನು ಓದುವುದಿಲ್ಲ. ಹಣ ‘ನಿಮ್ಮಿಂದ’ ಹೋಗಲಿದೆ ಎಂಬ ಮಾತನ್ನು ಓದಲಾಗದವರಿಗೆ ಓದಲಾಗದ ಭಾಷೆಯಲ್ಲಿ ಹೇಳಿ, ಆಮೇಲೆ ಅವರನ್ನು ಅಜಾಗರೂಕರು ಎನ್ನುವುದು ನ್ಯಾಯವಲ್ಲ. ಎಚ್ಚರಿಕೆ ಕೇಳುಗನಿಗೆ ಅರ್ಥವಾದಾಗಲೇ ಅದು ಎಚ್ಚರಿಕೆ.

ಸ್ಥಳೀಯ ಭಾಷೆಯಲ್ಲಿ ವ್ಯವಹರಿಸಬೇಕೆಂದು ಬ್ಯಾಂಕುಗಳಿಗೆ ಸೂಚನೆಗಳಿವೆ. ಆದರೆ ಆ ಸೂಚನೆಗಳು ಭಾಷೆಯನ್ನು ರಾಜ್ಯಕ್ಕೆ ಕಟ್ಟಿಹಾಕುತ್ತವೆ. ಮುಂಬಯಿಯ ಶಾಖೆಯಲ್ಲಿ ಅದು ಮರಾಠಿ. ಮರಾಠಿಗರಿಗೆ ಅದು ಸಿಗಲೇಬೇಕು, ಅದರಲ್ಲಿ ಮಾತಿಲ್ಲ. ಆದರೆ ಖಾತೆ ಇರುವುದು ವ್ಯಕ್ತಿಯ ಹೆಸರಿನಲ್ಲಿ. ಫಾರಂ ತುಂಬುವಾಗ ನಾಮಿನಿಯನ್ನು ಕೇಳುವ ಬ್ಯಾಂಕು ಮೆಸೇಜಿನ ಭಾಷೆಯನ್ನೂ ಕೇಳಬಹುದು. ಘಾಟ್ಕೋಪರಿನ ಕನ್ನಡಿಗರಂತೆ ಬೆಂಗಳೂರಿನಲ್ಲಿರುವ ಒಡಿಯಾ ಕೂಲಿಯವರಿಗೂ, ಸೂರತ್ತಿನಲ್ಲಿರುವ ತೆಲುಗು ನೇಕಾರರಿಗೂ ಇದು ಬೇಕಾದದ್ದೇ.

ಕನ್ನಡ ಮೆಸೇಜಿಗೆ ಒಂದು ನಿಜವಾದ ತೊಡಕಿದೆ, ಅದನ್ನು ಮುಚ್ಚಿಡಬಾರದು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತವೆ. ಕನ್ನಡದಲ್ಲಿ ಬರೆದರೆ ಹಿಡಿಸುವುದು 70. ಅದರಲ್ಲೂ ಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ: ‘ಮ್ಮಿ’ ಎಂಬ ಒಂದು ಅಕ್ಷರಕ್ಕೆ ನಾಲ್ಕು ಜಾಗ ಬೇಕು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ನಲ್ಲಿ ಮುಗಿಯುವ ಮಾತು ಕನ್ನಡಕ್ಕೆ ಬಂದಾಗ ಮೂರು ಎಸ್‌ಎಂಎಸ್ ಆಗಬಹುದು, ಖರ್ಚೂ ಅಷ್ಟೇ ಪಟ್ಟು ಏರುತ್ತದೆ. ಕೋಟಿಗಟ್ಟಲೆ ಮೆಸೇಜು ಕಳಿಸುವವರಿಗೆ ಇದು ಸಣ್ಣ ಮಾತಲ್ಲ.

ಅದೇ 2017ರ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ. ಹಣ ಹೋದ ಮೆಸೇಜಿಗೆ ಗ್ರಾಹಕರು ಅಲ್ಲೇ ‘ರಿಪ್ಲೈ’ ಮಾಡಿ ಆಕ್ಷೇಪ ಹೇಳುವಂತಿರಬೇಕು, ಜಾಲತಾಣವನ್ನೋ ಇಮೇಲನ್ನೋ ಹುಡುಕುತ್ತ ಅಲೆಯುವಂತಾಗಬಾರದು. ನಿಮ್ಮ ಫೋನಿನಲ್ಲಿರುವ ಬ್ಯಾಂಕಿನ ಒಂದು ಎಸ್‌ಎಂಎಸ್ ತೆರೆದು ಉತ್ತರ ಕಳಿಸಲು ನೋಡಿ. ನಂಬರಿನ ಬದಲು ಅಕ್ಷರಗಳ ಹೆಸರಿನಿಂದ ಬಂದ ಮೆಸೇಜಿಗೆ ಉತ್ತರ ಹೋಗುವುದಿಲ್ಲ. ಬೇರೆ ನಂಬರಿಗೆ ಕರೆ ಮಾಡಿ, ಬೇರೆ ಪದ ಕಳಿಸಿ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ನಿಮಿಷಗಳ ಓಟದಲ್ಲಿ ಇಂಥ ಸುತ್ತುದಾರಿಗೆ ಹೊಣೆ ಯಾರು? ಗ್ರಾಹಕರ ಅಜಾಗರೂಕತೆಗೆ ಒಂದು ಪದವಿದೆ, ಇದಕ್ಕೂ ಒಂದು ಇರಬೇಕಿತ್ತು.

ದೂರಿ ಸುಮ್ಮನಾಗುವುದು ಬೇಡವೆಂದು ನಾನೊಂದು ಕರಡು ಬರೆದೆ. ಮೊತ್ತ ಮೊದಲು, ಆಮೇಲೆ ‘ಇಂದ’, ಆಮೇಲೆ ಅಂಕಿ, ಕೊನೆಗೆ ಎಚ್ಚರಿಕೆ:

‘₹49,999 ಖಾತೆಯಿಂದ ಹೋಗುತ್ತದೆ. ಒಟಿಪಿ 482913. ಯಾರಿಗೂ ಹೇಳಬೇಡಿ.’

ಎಣಿಸಿ ನೋಡಿದರೆ 57 ಜಾಗ. ಇನ್ನೂ 13 ಉಳಿದಿವೆ, ಬ್ಯಾಂಕಿನ ಹೆಸರಿಗೆ ಅಷ್ಟು ಸಾಕು. ಒಂದೇ ಎಸ್‌ಎಂಎಸ್, ಒಂದೇ ಎಸ್‌ಎಂಎಸ್‌ನ ಖರ್ಚು. ಬಂದದ್ದಾ, ಹೋದದ್ದಾ ಎಂದು ಯಾರ ಮನೆ ಬಾಗಿಲನ್ನೂ ತಟ್ಟಬೇಕಾಗಿಲ್ಲ.